ಬೆಲೆ ಕೇಳಿ ಸುಮ್ಮನಾಗುವವರಿಗೆ ಏನಂತ ಉತ್ತರ ಕಳಿಸಬೇಕು?

ಸವಿತಾ, ಹುಬ್ಬಳ್ಳಿ: ಇಳಕಲ್ ಸೀರಿ ಮಾರ್ತೀನ್ರಿ. ಫೇಸ್‌ಬುಕ್, ಇನ್‌ಸ್ಟಾದಾಗ ಫೋಟೊ ಹಾಕ್ತೀನಿ. ಒಂದ್ ಪೋಸ್ಟಿಗೆ ಮೂವತ್ತ್-ನಲವತ್ತ್ ಮಂದಿ "ಪ್ರೈಸ್?" ಅಂತ ಕೇಳ್ತಾರ. "₹2,400" ಅಂತ ಕಳಸ್ತೀನಿ. ನೀಲಿ ಟಿಕ್ ಬೀಳತೈತಿ, ಆಮ್ಯಾಲೆ ಮಾತಿಲ್ಲ. ಕಾಪಿ ಮಾಡಿ ಹಾಕೂ ಹಂಗ ರೆಡಿ ಉತ್ತರ ಇದ್ರ ಯಾರರ ಕೊಡ್ರಿ.

ಮಂಜುನಾಥ, ಆನ್‌ಲೈನ್ ಮಾರಾಟ ಸಲಹೆಗಾರ: ಸವಿತಾ ಅವರೇ, ಬರೀ ಅಂಕಿ ಓದಿದವರಿಗೆ ಎರಡೇ ದಾರಿ. "ಸರಿ, ಕಳಿಸಿ" ಅನ್ನಬೇಕು, ಇಲ್ಲವೇ "ಜಾಸ್ತಿ ಆಯ್ತು" ಅನ್ನಬೇಕು. ಮೊದಲನೆಯದಕ್ಕೆ ಇನ್ನೂ ಮನಸ್ಸು ಗಟ್ಟಿಯಾಗಿಲ್ಲ, ಎರಡನೆಯದಕ್ಕೆ ಸಂಕೋಚ. ಅದಕ್ಕೇ ಸುಮ್ಮನಾಗುತ್ತಾರೆ. ಅವರಿಗೆ ಮೂರನೆಯ, ಸುಲಭದ ಮಾತೊಂದನ್ನು ಕೊಡುವುದೇ ಉತ್ತರದ ಕೆಲಸ. ಮೊದಲ ಸಾಲಲ್ಲೇ ಬೆಲೆ ಇರಲಿ. ಆ ಬೆಲೆಗೆ ಕೈಗೆ ಏನು ಬರುತ್ತದೆ ಎನ್ನುವುದು ನಂತರ. ಕೊನೆಗೆ ಒಂದು ಪದದಲ್ಲಿ ಉತ್ತರಿಸಬಹುದಾದ ಪ್ರಶ್ನೆ. ನಿಮ್ಮ ₹2,400ರ ಸೀರೆಗೆ ಹೀಗೆ ಬರೆಯಬಹುದು:

> ನಮಸ್ಕಾರ್ರೀ. ಹಸಿರು ಇಳಕಲ್, ಕೋಡ್ IK07, ₹2,400. ಅಂಚೆ ₹100 ಸೇರಿ ಮನೆಗೆ ಮುಟ್ಟೋವರೆಗೆ ₹2,500. ಕೈಮಗ್ಗದ್ದು, 6 ಗಜ. ಮೈ ಹತ್ತಿ, ಸೆರಗು ಆರ್ಟ್ ಸಿಲ್ಕ್, ಗೋಮಿ ದಡಿ. ರವಿಕೆ ಬಟ್ಟೆ ಇದರಲ್ಲಿ ಬರೋದಿಲ್ಲ. ಸೆರಗಿನ ಫೋಟೊ ಕಳಿಸ್ಲಾ, ಪೂರ್ತಿ ಸೀರೆ ಬಿಡಿಸಿದ ವಿಡಿಯೊ ಕಳಿಸ್ಲಾ?

"ತಗೋತೀರಾ?" ಎಂದು ಇಲ್ಲಿ ಕೇಳಿಲ್ಲ ನೋಡಿ. "ಸೆರಗಿಂದು ಕಳ್ಸಿ" ಅನ್ನಲು ಯಾರಿಗೂ ಸಂಕೋಚವಿಲ್ಲ. ಅಲ್ಲಿಗೆ ಮಾತು ಶುರುವಾಯಿತು. ಅಂಚೆ ಖರ್ಚನ್ನೂ ಮೊದಲೇ ಹೇಳಿಬಿಡಿ. ₹2,400ಕ್ಕೆ ಮನಸ್ಸು ಮಾಡಿದವರಿಗೆ ಹಣ ಕಳಿಸುವ ಹೊತ್ತಲ್ಲಿ ₹2,500 ಎಂದರೆ ಕೇವಲ ನೂರು ರೂಪಾಯಿಗೆ ವ್ಯಾಪಾರ ಮುರಿಯುತ್ತದೆ. ಹಾಗೆಯೇ ಸೆರಗು ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ ಆಗಿದ್ದರೆ "ಸಿಲ್ಕ್" ಅಂತಷ್ಟೇ ಬರೆಯಬೇಡಿ. ಸೀರೆ ವಾಪಸ್ ಬರುವುದು ಇಂಥ ಕಡೆಯೇ.

ಕಿರಣ್, ಬೆಂಗಳೂರು: ಬೆಲೆ ಮೊದಲೇ ಹೇಳೋದು ತಪ್ಪು ಸರ್. ಮೊದಲು ಅವರ ಬಜೆಟ್ ಕೇಳ್ಬೇಕು. ಪೋಸ್ಟಲ್ಲೂ ಬೆಲೆ ಹಾಕ್ಬಾರ್ದು. ಕಮೆಂಟ್ ಜಾಸ್ತಿ ಬಂದ್ರೆ ತಾನೇ ರೀಚ್ ಜಾಸ್ತಿ ಆಗೋದು?

ಮಂಜುನಾಥ: ಕಿರಣ್, ಕಮೆಂಟ್ ಬಂದಷ್ಟೂ ಪೋಸ್ಟ್ ಹೆಚ್ಚು ಜನರಿಗೆ ಕಾಣಬಹುದು ಎನ್ನುವುದು ಸರಿ. ಬಜೆಟ್ ಕೇಳುವುದೂ ಮದುವೆಗೆ ಇಪ್ಪತ್ತು ಸೀರೆ ಬೇಕು ಅನ್ನುವವರ ಹತ್ತಿರ ಸರಿ. ಆದರೆ ಒಂದೇ ಸೀರೆಯ ಬೆಲೆ ಕೇಳಿದವರಿಗೆ "ನಿಮ್ಮ ಬಜೆಟ್ ಎಷ್ಟು?" ಎಂದರೆ ಮುಖ ನೋಡಿ ಬೆಲೆ ಕಟ್ಟುತ್ತಾರೆ ಅನ್ನಿಸುತ್ತದೆ. ಇನ್ನೊಂದು ವಿಷಯವೂ ಇದೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ವಸ್ತುವಿನ ಒಟ್ಟು ಬೆಲೆಯನ್ನು, ಅದರಲ್ಲಿ ಸೇರಿದ ಖರ್ಚುಗಳ ಸಮೇತ, ತೋರಿಸಿ ಎನ್ನುತ್ತವೆ.

ಕಿರಣ್: ಅದು ದೊಡ್ಡ ವೆಬ್‌ಸೈಟ್‌ಗಳಿಗೆ ಸರ್. ಇನ್‌ಸ್ಟಾದಲ್ಲಿ ಹತ್ತು ಸೀರೆ ಮಾರೋರಿಗೆ ಯಾರು ಕೇಳ್ತಾರೆ?

ಮಂಜುನಾಥ: ವ್ಯಾಪಾರವೆಂದು ನಿಯಮಿತವಾಗಿ ಮಾರುವವರನ್ನು ನಿಯಮ ಪೂರ್ತಿ ಹೊರಗಿಟ್ಟಿಲ್ಲ. ಯಾರು ಕೇಳುತ್ತಾರೆ ಅನ್ನುವುದು ಬೇರೆ ಮಾತು. ನಾನಂತೂ ಬೆಲೆ ಹಾಕಿ ಎನ್ನುವವನು. ಮೆಸೇಜ್ ಕಡಿಮೆ ಬರುತ್ತವೆ ನಿಜ, ಬಂದವರು ಬೆಲೆ ಗೊತ್ತಿದ್ದೇ ಬಂದಿರುತ್ತಾರೆ.

ಕಿರಣ್: ನಾನು ಒಪ್ಪಲ್ಲ, ಇರ್ಲಿ ಬಿಡಿ.

ಸವಿತಾ: ಕೋಡ್ ಅಂದ್ರಲ್ರಿ. ಮಂದಿ ಕೋಡ್ ಬರಿಯೂದಿಲ್ಲ. "ಆ ಹಸಿರ ಸೀರಿ" ಅಂತಾರ, ನನ್ ಕಡೆ ಐದ್ ಹಸಿರ ಅದಾವ.

ಮಂಜುನಾಥ: ಅವರಿಂದ ಬರೆಸಬೇಡಿ, ಲಿಂಕೇ ಬರೆಯಲಿ. ಫೇಸ್‌ಬುಕ್ ಪೋಸ್ಟಿನಲ್ಲಿ ಪ್ರತಿ ಸೀರೆಯ ಕೆಳಗೆ ಇಂಥ ಲಿಂಕ್ ಹಾಕಿ:

```
https://wa.me/91XXXXXXXXXX?text=IK07%20bele%20heli
```

91ರ ಮುಂದೆ ಪ್ಲಸ್ ಚಿಹ್ನೆ ಬೇಡ, ನಂಬರಿನ ಮುಂದೆ ಸೊನ್ನೆಯೂ ಬೇಡ. %20 ಇದ್ದಲ್ಲಿ ಖಾಲಿ ಜಾಗ ಬರುತ್ತದೆ. ಲಿಂಕ್ ಒತ್ತಿದವರಿಗೆ ವಾಟ್ಸ್ಯಾಪ್ ತೆರೆದು "IK07 bele heli" ಎಂದು ಬರೆದೇ ಇರುತ್ತದೆ, ಅವರು ಕಳಿಸುವ ಬಾಣ ಒತ್ತಿದರೆ ಸಾಕು. ಇನ್‌ಸ್ಟಾ ಪೋಸ್ಟಿನ ಕೆಳಗಿನ ಬರಹದಲ್ಲಿ ಲಿಂಕ್ ಒತ್ತಲು ಬರುವುದಿಲ್ಲ. ಅಲ್ಲಿ ಸ್ಟೋರಿಯ ಲಿಂಕ್ ಸ್ಟಿಕರ್ ಬಳಸಿ, ಫೋಟೊದ ಮೂಲೆಯಲ್ಲೇ ದೊಡ್ಡದಾಗಿ IK07 ಬರೆಯಿರಿ.

ಇನ್ನು ಉತ್ತರಗಳನ್ನು ಇಡುವ ಜಾಗ. ವಾಟ್ಸ್ಯಾಪ್ ಬಿಸಿನೆಸ್ ಆ್ಯಪ್‌ನಲ್ಲಿ Quick replies ಇದೆ, 50ರವರೆಗೆ ಇಡಬಹುದು. ಮೇಲಿನ ಉತ್ತರಕ್ಕೆ `/bele` ಎಂದು ಶಾರ್ಟ್‌ಕಟ್ ಕೊಟ್ಟರೆ, ಚಾಟ್‌ನಲ್ಲಿ ಅಷ್ಟು ಟೈಪ್ ಮಾಡಿ, ಕಾಣುವ ಉತ್ತರವನ್ನು ಒತ್ತಿದಾಗ ಪೂರ್ತಿ ಬರುತ್ತದೆ. ಕೋಡ್, ಬೆಲೆ, ಬಣ್ಣದ ಜಾಗದಲ್ಲಿ * ಇಡಿ. ಎಡವುವುದೂ ಇಲ್ಲೇ: ಅವಸರದಲ್ಲಿ * ಹಾಗೇ ಹೋಗುತ್ತದೆ, ಇಲ್ಲವೇ ಹೋದ ವಾರದ ಸೀರೆಯ ಬೆಲೆ ಹೋಗುತ್ತದೆ. ಆದ್ದರಿಂದ ಬದಲಾಗುವುದೆಲ್ಲ ಮೊದಲ ಸಾಲಲ್ಲೇ ಇರಲಿ, ಕೆಳಗಿನ ಸಾಲುಗಳಲ್ಲಿ ಕೈ ಹಾಕುವ ಪ್ರಮೇಯವೇ ಬರಬಾರದು. ಕೈಮಗ್ಗದ್ದಕ್ಕೊಂದು, ಪವರ್‌ಲೂಮಿನದಕ್ಕೊಂದು ಬೇರೆ ಬೇರೆ ಮಾಡಿಡಿ.

ನಾಗರತ್ನ, ತುಮಕೂರು: ಸರ್, ನಂದು ಹೋಳಿಗೆ. "ಹೋಳಿಗೆ ರೇಟ್ ಎಷ್ಟು" ಅಂತಾರೆ. ಐವತ್ತಕ್ಕೊಂದು ರೇಟು, ಐನೂರಕ್ಕೊಂದು ರೇಟು, ಏನಂತ ಹೇಳ್ಲಿ? ನಾನೂ IK07 ಥರ ಕೋಡ್ ಹಾಕ್ಬೇಕಾ?

ಮಂಜುನಾಥ: ನಿಮಗೆ ಕೋಡ್ ಬೇಡಮ್ಮ, ಕಾಯಿ ಹೋಳಿಗೆಯೋ ಬೇಳೆ ಹೋಳಿಗೆಯೋ ಅಂತ ಹೇಳಿದರೆ ಸಾಕು. "ನೋಡ್ಕೊಂಡು ಹೇಳ್ತೀನಿ" ಮಾತ್ರ ಅನ್ನಬೇಡಿ. ನೀವು ಮಾಡಿಕೊಡುವ ಅತಿ ಕಡಿಮೆ ಲೆಕ್ಕದ ಬೆಲೆ ಹೇಳಿ, ದಿನಾಂಕ ಕೇಳಿ:

> ಬೇಳೆ ಹೋಳಿಗೆ 25ಕ್ಕೆ ₹___, ಅದಕ್ಕಿಂತ ಕಡಿಮೆ ಮಾಡೋದಿಲ್ಲ. 100 ದಾಟಿದ್ರೆ ಒಂದಕ್ಕೆ ₹___ ಬೀಳುತ್ತೆ. ಯಾವ ತಾರೀಖಿಗೆ ಬೇಕಿತ್ತು?

ಸೀರೆಗೆ ದಿನಾಂಕ ಕೇಳಬೇಕಿಲ್ಲ, ಅಡುಗೆಗೆ ಅದೇ ಮುಖ್ಯ. ತಾರೀಖು ಹೇಳಿದವರ ಮನೆಯಲ್ಲಿ ಕಾರ್ಯ ಇದೆ ಅಂತಲೇ ಲೆಕ್ಕ.

ಸವಿತಾ: ಫೋಟೊ ಕಳಸಿದ ಮ್ಯಾಲೆ "ಬ್ಯಾರೆ ಕಡೆ ₹800ಕ್ಕ ಸಿಗತೈತಿ" ಅಂತಾರ್ರಿ. ಇಲ್ಲಾ "ಲಾಸ್ಟ್ ಎಷ್ಟ?" ಅಂತಾರ. ಅವಕ್ಕೇನ್ ಹೇಳ್ಲಿ?

ಮಂಜುನಾಥ: ಎರಡೂ ಬೇರೆ ಬೇರೆ ಮಾತು. ಮೊದಲನೆಯವರಿಗೆ ವ್ಯತ್ಯಾಸ ಗೊತ್ತಿಲ್ಲ. ಅವರ ಹತ್ತಿರ ವಾದ ಬೇಡ, ಫೋಟೊ ತೋರಿಸಿ. ಇಳಕಲ್ ಕೈಮಗ್ಗದ ಸೀರೆಯಲ್ಲಿ ಮೈಯ ಹಾಸು ನೂಲನ್ನೂ ಸೆರಗಿನ ಹಾಸು ನೂಲನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಟೋಪ ತೆನಿ ಜೋಡಣೆ ಸೀರೆಯ ಅಡ್ಡಕ್ಕೆ ಕಾಣುತ್ತದೆ. ಹಿಂಬದಿಯಿಂದ, ಹಗಲು ಬೆಳಕಲ್ಲಿ, ಹತ್ತಿರದಿಂದ ಒಂದು ಫೋಟೊ ತೆಗೆದಿಡಿ.

> ₹800ಕ್ಕೆ ಸಿಗೋದೂ ಉಂಟು ರೀ, ಹೆಚ್ಚಾಗಿ ಪವರ್‌ಲೂಮಿಂದು. ಇದು ಕೈಮಗ್ಗದ್ದು, ಸೆರಗು ಮೈಗೆ ಕೂಡೋ ಜಾಗದ ಫೋಟೊ ಹಾಕೀನಿ ನೋಡ್ರಿ. ಅವರ ಕಡೆಯಿಂದಲೂ ಇದೇ ಜಾಗದ ಫೋಟೊ ಕೇಳಿ ನೋಡ್ರಿ.

ಪವರ್‌ಲೂಮನ್ನು ಹಳಿಯಬೇಡಿ. ದಿನಾ ಉಡಲು ₹800ರದ್ದೇ ಬೇಕು ಅನ್ನುವವರಿರುತ್ತಾರೆ, ನಿಮ್ಮಲ್ಲಿದ್ದರೆ ಅದನ್ನೇ ತೋರಿಸಿ.

"ಲಾಸ್ಟ್ ಎಷ್ಟು" ಅಂದವರಿಗೆ ಸೀರೆ ಬೇಕಾಗಿದೆ. ಇವರ ಹತ್ತಿರ ಬೆಲೆ ಇಳಿಸಿದರೆ ಮೊದಲ ಬೆಲೆ ಸುಳ್ಳಾಗುತ್ತದೆ, ಚಾಟ್ ಸ್ಕ್ರೀನ್‌ಶಾಟ್ ಅಕ್ಕತಂಗಿಯರ ಗ್ರೂಪಿಗೂ ಹೋಗುತ್ತದೆ. ಜೊತೆಗೆ ಏನಾದರೂ ಸೇರಿಸಿ. ಇಳಕಲ್ ಸೀರೆಗೆ ಗುಳೇದಗುಡ್ಡದ ರವಿಕೆ ಖಣಕ್ಕಿಂತ ಹೊಂದುವುದು ಏನಿದೆ?

> ಸೀರೆ ₹2,400 ಒಂದೇ ಬೆಲೆ ರೀ. ಜೊತೆಗೆ ಗುಳೇದಗುಡ್ಡದ ಖಣ ₹300ಕ್ಕೆ ತಗೊಂಡ್ರೆ ಅಂಚೆ ಖರ್ಚು ನಮ್ಮದು, ಒಟ್ಟು ₹2,700. ಕೆಂಪು ಖಣ ನೋಡ್ತೀರಾ, ಹಳದೀನಾ?

ಲೆಕ್ಕ ಹಾಕಿ. ಖಣ ನಿಮಗೆ ₹200ಕ್ಕೆ ಬಿದ್ದಿದ್ದರೆ ಅದರಲ್ಲಿ ₹100 ಉಳಿಯುತ್ತದೆ, ಅಂಚೆಗೆ ಅದೇ ₹100 ಹೋಗುತ್ತದೆ. ಸೀರೆಯ ಲಾಭ ಮುಟ್ಟಲಿಲ್ಲ. ಅದರ ಬದಲು ಸೀರೆಯ ಬೆಲೆಯನ್ನೇ ₹200 ಇಳಿಸಿದ್ದರೆ ಪೂರ್ತಿ ಲಾಭದಿಂದಲೇ ಹೋಗುತ್ತಿತ್ತು. ಖಣ ₹250ಕ್ಕೆ ಬಿದ್ದಿದ್ದರೆ ಈ ಲೆಕ್ಕ ಕೂಡುವುದಿಲ್ಲ, ಆಗ ಅಂಚೆಯನ್ನು ಅರ್ಧ ಹಂಚಿಕೊಳ್ಳಿ.

ಕಿರಣ್: ಇದಕ್ಕೆಲ್ಲ "ಕೊನೇ ಪೀಸ್, ಬೇಗ" ಅಂದ್ರೆ ಮುಗೀತು ಸರ್.

ಮಂಜುನಾಥ: ಕೊನೆಯದೇ ಆಗಿದ್ದರೆ ಹೇಳಬೇಕು, ಕೈಮಗ್ಗದಲ್ಲಿ ಅದು ನಿಜವೂ ಇರುತ್ತದೆ. ಇಲ್ಲದಿದ್ದರೆ ಮುಂದಿನ ವಾರ ಅದೇ ಫೋಟೊ ಮತ್ತೆ ಹಾಕಿದ ದಿನ ಸಿಕ್ಕಿಬೀಳುತ್ತೀರಿ.

ಸವಿತಾ: ಮತ್ತ ಎಲ್ಲಾ ನೋಡಿ ಸುಮ್ಮನ ಕುಂತವರಿಗೆ?

ಮಂಜುನಾಥ: ಮರುದಿನ ಒಂದೇ ಒಂದು ಮೆಸೇಜ್. "ನೋಡಿದ್ರಾ?", "ಏನ್ಮಾಡಿದ್ರಿ?" ಬೇಡ. ಹೊಸದೊಂದು ವಿಷಯ ಇರಬೇಕು:

> IK07 ಇನ್ನೂ ಐತ್ರಿ. ಇದೇ ದಡಿಯಲ್ಲಿ ನೀಲಿಯೂ ಇವತ್ತು ಬಂತು, ಫೋಟೊ ಹಾಕೀನಿ. ಬೇಕಿದ್ರೆ ನಾಳೆ ಸಂಜೆ 7ರವರೆಗೆ ಎತ್ತಿಡ್ತೀನಿ. ಬ್ಯಾಡಾಗಿದ್ರೆ ಹಂಗ ಹೇಳ್ರಿ, ತೊಂದರೆ ಇಲ್ಲ.

"ಬ್ಯಾಡ" ಅನ್ನಲು ದಾರಿ ಬಿಟ್ಟರೆ ಉತ್ತರ ಬರುತ್ತದೆ. ಬಣ್ಣ ಒಗ್ಗಲಿಲ್ಲವೋ, ಹಣ ಸಾಲಲಿಲ್ಲವೋ ತಿಳಿಯುತ್ತದೆ. ಇದಕ್ಕೂ ಉತ್ತರ ಬರದಿದ್ದರೆ ಬಿಟ್ಟುಬಿಡಿ. ಮೂರನೆಯದಕ್ಕೆ ಅವರು ಬ್ಲಾಕ್ ಮಾಡುತ್ತಾರೆ, ಹಾಗೆ ಮಾಡುವವರು ಹೆಚ್ಚಾದರೆ ನಿಮ್ಮ ನಂಬರಿಗೇ ಕುತ್ತು.

ಒಪ್ಪಿದವರಿಗೆ `/hana` ಅಂತ ಇನ್ನೊಂದು ಇಡಿ: ಒಟ್ಟು ಮೊತ್ತ, ಯುಪಿಐ ಐಡಿ, ಹಣ ಕಳಿಸುವಾಗ ಕಾಣುವ ಹೆಸರು, ಪಿನ್‌ಕೋಡ್ ಸಮೇತ ವಿಳಾಸ ಕಳಿಸಿ ಎಂಬ ಸಾಲು. ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಟ್ಟಬೇಡಿ, ಬ್ಯಾಂಕ್ ಖಾತೆಯಲ್ಲಿ ಜಮಾ ನೋಡಿ. "ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಹಣ ಬರುತ್ತೆ" ಅನ್ನುವ ಗಿರಾಕಿ ಗಿರಾಕಿಯೇ ಅಲ್ಲ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ.

ನಾಗರತ್ನ: ಸರ್, ನಾನು "ನಮಸ್ಕಾರ, ನಿಮಗೆ ಹೇಗೆ ಸಹಾಯ ಮಾಡಲಿ" ಅಂತ ತಾನಾಗೇ ಹೋಗೋ ಹಾಗೆ ಇಟ್ಟಿದೀನಿ. ಅದು ಇರ್ಲಾ?

ಮಂಜುನಾಥ: ಬೆಲೆ ಕೇಳಿದವರಿಗೆ ಅದು ಹೋದರೆ ಕಿವುಡರ ಜೊತೆ ಮಾತಾಡಿದ ಹಾಗಾಗುತ್ತದೆ. ಆ ಸ್ವಾಗತದ ಮೆಸೇಜ್ ಮೊದಲ ಸಲ ಬರೆದವರಿಗೆ, ಇಲ್ಲವೇ 14 ದಿನ ಮಾತಿಲ್ಲದೆ ಮತ್ತೆ ಬರೆದವರಿಗೆ ಮಾತ್ರ ಹೋಗುತ್ತದೆ. ಅಂದರೆ ಹೆಚ್ಚಾಗಿ ಹೊಸಬರಿಗೇ. ಆ ಜಾಗದಲ್ಲಿ 25 ಹೋಳಿಗೆಯ ಬೆಲೆಯನ್ನೂ, ತಾರೀಖಿನ ಪ್ರಶ್ನೆಯನ್ನೂ ಹಾಕಿಬಿಡಿ. ಸವಿತಾ ಅವರದು ಸೀರೆಗೊಂದು ಬೆಲೆ, ಅವರು "ಫೋಟೊ ಮೂಲೆಯ ಕೋಡ್ ಕಳಿಸ್ರಿ" ಅಂತ ಹಾಕಿದರೆ ಸಾಕು.

ಸವಿತಾ: ಕಮೆಂಟಿನ್ಯಾಗ ಕೇಳಿದವರಿಗೆ "ಡಿಎಂ ಮಾಡೇನಿ ನೋಡ್ರಿ" ಅಂತ ಹಾಕ್ತಿದ್ದೆ. ಭಾಳ ಮಂದಿ ನೋಡೂದೇ ಇಲ್ಲ.

ಮಂಜುನಾಥ: ನಿಮ್ಮನ್ನು ಫಾಲೋ ಮಾಡದವರಿಗೆ ನೀವು ಕಳಿಸಿದ್ದು ಇನ್‌ಸ್ಟಾದಲ್ಲಿ Requests ಒಳಗೆ ಬೀಳಬಹುದು, ಅದನ್ನು ತೆರೆದು ನೋಡುವವರು ಕಡಿಮೆ. ಕಮೆಂಟಿನಲ್ಲೇ "IK07, ಅಂಚೆ ಸೇರಿ ₹2,500. ಸೆರಗಿನ ಫೋಟೊಗೆ ಡಿಎಂ ಮಾಡ್ರಿ" ಅನ್ನಿ. ಕೇಳದೆ ಸುಮ್ಮನೆ ಓದುವವರಿಗೂ ಬೆಲೆ ಸಿಕ್ಕಿತು. ನಲವತ್ತು ಕಮೆಂಟಿಗೂ ಅದನ್ನೇ ಪಟಪಟ ಅಂಟಿಸಬೇಡಿ, ಸ್ಪ್ಯಾಮ್ ಎಂದು ತಡೆಯುವುದುಂಟು. ಪದ ಅಷ್ಟಿಷ್ಟು ಬದಲಿಸಿ, ಹೆಸರು ಹಿಡಿದು ಬರೆಯಿರಿ.

ಕಿರಣ್: ಅದಕ್ಕೇ ಪೋಸ್ಟಲ್ಲಿ ಬೆಲೆ ಹಾಕ್ಬೇಡಿ ಅಂದಿದ್ದು ನೋಡಿ, ನಲವತ್ತು ಕಮೆಂಟ್ ಸಿಕ್ತು.

ಸವಿತಾ: ಕಮೆಂಟ್ ಸಿಕ್ಕಾವ್ರಿ, ಸೀರಿ ಹೋಗಿಲ್ಲ. ಈ ವಾರ ಐದ್ ಸೀರಿಗೆ ಬೆಲೆ ಹಾಕ್ತೀನಿ, ಐದಕ್ಕ ಹಾಕೂದಿಲ್ಲ. ಆಮ್ಯಾಲೆ ಬಂದು ಹೇಳ್ತೀನಿ.