ಪ್ರಶ್ನೋತ್ತರ: ರಕ್ತ ನಿಲ್ಲಿಸುವ ಪಾಠದಲ್ಲಿ ಹುಡುಗಿಯೇ ಕುಸಿದಾಗ

ವಿಜ್ಞಾನ ಟೀಚರ್: ಸಿಸ್ಟರ್, 9ನೇ ಕ್ಲಾಸಿನವರಿಗೆ ಪ್ರಥಮ ಚಿಕಿತ್ಸೆ ಹೇಳಿಕೊಡುತ್ತಿದ್ದೆ. ಇಬ್ಬಿಬ್ಬರ ಜೋಡಿ. ಒಬ್ಬರ ಕೈಗೆ ಕೆಂಪು ಬಣ್ಣ ಹಚ್ಚಿ, ಇನ್ನೊಬ್ಬರು ಬಟ್ಟೆ ಇಟ್ಟು ಒತ್ತುವುದು. ಒತ್ತುತ್ತಿದ್ದ ಹುಡುಗಿ ನಿಂತಲ್ಲೇ ಬೆವರಿ ಬಿಳುಚಿಕೊಂಡಳು. ಬೀಳಬಾರದು ಅಂತ ಜೊತೆಯವಳು ಗೋಡೆಗೆ ಒರಗಿಸಿ ನಿಲ್ಲಿಸಿ ಹಿಡಿದುಕೊಂಡಳು. ಆಗ ಕೈ ಕಾಲು ಅದುರಿದವು. ಮಕ್ಕಳೆಲ್ಲ ಫಿಟ್ಸ್ ಅಂತ ಕೂಗಿದರು. ನೆಲಕ್ಕೆ ಮಲಗಿಸಿದ ಮೇಲೆ ಬೇಗ ಎಚ್ಚರವಾಯಿತು. ಇದು ಫಿಟ್ಸಾ?

ತುರ್ತು ವಿಭಾಗದ ನರ್ಸ್: ನೀವು ಹೇಳಿದ್ದನ್ನು ಓದಿದರೆ ಸಾಮಾನ್ಯ ಮೂರ್ಛೆ ಅನಿಸುತ್ತದೆ. ಆದರೂ ಕೆಲವು ವಿಷಯ ನನಗೆ ಗೊತ್ತಾಗಬೇಕು.

ರಕ್ತ ನೋಡಿದಾಗ, ಅದು ಬಣ್ಣ ಅಂತ ಗೊತ್ತಿದ್ದರೂ, ಕೆಲವರ ಹೃದಯದ ಬಡಿತ ಒಮ್ಮೆಲೇ ನಿಧಾನವಾಗುತ್ತದೆ. ಕಾಲಿನ ರಕ್ತನಾಳಗಳು ಸಡಿಲವಾಗಿ ರಕ್ತ ಕೆಳಗೇ ಉಳಿಯುತ್ತದೆ. ಮಿದುಳಿಗೆ ಸಾಕಷ್ಟು ಏರುವುದಿಲ್ಲ. ಮೊದಲು ಬೆವರು, ಬಿಳುಪು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಕಣ್ಣಿಗೆ ಮಬ್ಬು. ಆಮೇಲೆ ಕುಸಿಯುತ್ತಾರೆ. ಕುಸಿದು ಮಲಗಿದರೆ ತಲೆಯೂ ಹೃದಯವೂ ಒಂದೇ ಮಟ್ಟಕ್ಕೆ ಬಂದು ರಕ್ತ ತಾನೇ ತಲುಪುತ್ತದೆ. ನಿಮ್ಮ ಕ್ಲಾಸಿನಲ್ಲಿ ಆಗದೇ ಹೋಗಿದ್ದು ಇದೇ. ಜೊತೆಯವಳು ಒಳ್ಳೆಯ ಮನಸ್ಸಿನಿಂದಲೇ ಹಿಡಿದಳು, ಆದರೆ ನಿಲ್ಲಿಸಿ ಹಿಡಿದಷ್ಟು ಹೊತ್ತೂ ಮಿದುಳಿಗೆ ರಕ್ತ ಸಿಗಲಿಲ್ಲ. ಕೈ ಕಾಲು ಅದುರಿದ್ದು ಅದಕ್ಕೇ ಇರಬಹುದು. ಆ ಮಗುವನ್ನು ಬೈಯಬೇಡಿ. ಬೀಳುವವರನ್ನು ಹಿಡಿಯಬೇಕು ನಿಜ, ಆದರೆ ಹಿಡಿದು ಮೆಲ್ಲಗೆ ನೆಲಕ್ಕೆ ಇಳಿಸಬೇಕು.

ಮೂರ್ಛೆಯಲ್ಲಿ ಅದುರುವುದು ಕೆಲವೇ ಸೆಕೆಂಡು, ಸಾಮಾನ್ಯವಾಗಿ 15 ಸೆಕೆಂಡಿನೊಳಗೆ. ಅದೂ ಲಯವಿಲ್ಲದೆ, ಅಲ್ಲೊಂದು ಇಲ್ಲೊಂದು. ಎಚ್ಚರವಾದ ಕೂಡಲೇ ಹುಡುಗಿ ಎದುರಿಗಿರುವವರ ಗುರುತು ಹಿಡಿಯುತ್ತಾಳೆ. ಫಿಟ್ಸ್ ಆದರೆ ಮೈ ಸೆಟೆದುಕೊಂಡು, ಒಂದೇ ಲಯದಲ್ಲಿ ಒಂದೆರಡು ನಿಮಿಷ ಅದುರುತ್ತದೆ. ಅದುರುವುದು ನಿಂತ ಮೇಲೂ ಎಷ್ಟೋ ಹೊತ್ತು ಮಂಪರು, ತಾನೆಲ್ಲಿದ್ದೇನೆ ಅಂತ ತಿಳಿಯುವುದಿಲ್ಲ. ನಾಲಿಗೆಯ ಪಕ್ಕ ಕಚ್ಚಿಕೊಂಡಿರಬಹುದು. ಕಣ್ಣು ತೆರೆದೇ ಇತ್ತು, ಮೂತ್ರ ಹೋಯಿತು ಅನ್ನುವುದನ್ನು ನೋಡಿ ತೀರ್ಮಾನ ಮಾಡಬೇಡಿ. ಅವೆರಡೂ ಎರಡರಲ್ಲೂ ಆಗುತ್ತವೆ.

ಈಗ ನನ್ನ ಪ್ರಶ್ನೆಗಳು. ಎದ್ದ ಮೇಲೆ ಮೊದಲು ಏನು ಹೇಳಿದಳು? ಎದೆ ಡವಡವ ಅಂದಿತ್ತಾ, ಎದೆ ನೋವಿತ್ತಾ? ಹಿಂದೆ ಓಡುವಾಗ ಯಾವತ್ತಾದರೂ ಬಿದ್ದಿದ್ದಳಾ? ಮನೆಯಲ್ಲಿ ಚಿಕ್ಕ ವಯಸ್ಸಿಗೆ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ? ಕೊನೆಯದನ್ನು ಅವರ ಅಮ್ಮನನ್ನೇ ಕೇಳಿ. ಮಕ್ಕಳಿಗೆ ಗೊತ್ತಿರುವುದಿಲ್ಲ.

ಪಿಟಿ ಮೇಷ್ಟ್ರು: ರಕ್ತ ನಿಲ್ಲಿಸುವುದಕ್ಕೆ ಒತ್ತಿಕೊಂಡು ಕೂರುವುದೇಕೆ? ಬೆಲ್ಟೋ ಹಗ್ಗವೋ ತೆಗೆದುಕೊಂಡು ಗಾಯದ ಮೇಲ್ಗಡೆ ಬಿಗಿದರೆ ಮುಗೀತು. ಮಕ್ಕಳಿಗೆ ಅದನ್ನೇ ಕಲಿಸಿ.

ಆಂಬುಲೆನ್ಸ್‌ನಲ್ಲಿದ್ದವರು: ಮೇಷ್ಟ್ರೇ, ಹಗ್ಗ ಕಟ್ಟಿದರೆ ಇನ್ನೂ ಜಾಸ್ತಿ ಸುರಿಯಬಹುದು. ತೆಳ್ಳಗಿನ ಹಗ್ಗ ಮೇಲೆ ಮೇಲಿರುವ ನಾಳವನ್ನು ಮಾತ್ರ ಅಮುಕುತ್ತದೆ. ಒಳಗಿನಿಂದ ರಕ್ತ ಬರುತ್ತಲೇ ಇರುತ್ತದೆ, ವಾಪಸ್ ಹೋಗುವ ದಾರಿ ಮಾತ್ರ ಬಂದ್.

ಪಿಟಿ ಮೇಷ್ಟ್ರು: ಸೈನಿಕರು ಕಟ್ಟುವುದಿಲ್ಲವಾ? ಅವರಿಗೆ ಗೊತ್ತಿಲ್ಲವಾ?

ನರ್ಸ್: ಇಬ್ಬರ ಮಾತಿನಲ್ಲೂ ನಿಜ ಇದೆ. ಕೈಯಿಂದಲೋ ಕಾಲಿನಿಂದಲೋ ರಕ್ತ ಚಿಮ್ಮುತ್ತಿದ್ದು, ಒತ್ತಿದರೂ ನಿಲ್ಲದಿದ್ದರೆ ಪಟ್ಟಿ ಬಿಗಿಯುವುದು ಜೀವ ಉಳಿಸುತ್ತದೆ. ಅದಕ್ಕಾಗಿಯೇ ಮಾಡಿದ ಅಗಲದ ಪಟ್ಟಿ ಇರಬೇಕು. ಗಾಯದಿಂದ 5ರಿಂದ 7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲೆ ಬಾರದಂತೆ ಬಿಗಿದು, ಕಟ್ಟಿದ ಸಮಯ ಬರೆದಿಡಬೇಕು. ಆಸ್ಪತ್ರೆಗೆ ಹೋಗುವವರೆಗೆ ಬಿಚ್ಚಬಾರದು. ಆದರೆ ಕ್ಲಾಸಿನಲ್ಲಿ ಮಕ್ಕಳು ಒಬ್ಬರ ಕೈಗೆ ಒಬ್ಬರು ಬಿಗಿದು ಅಭ್ಯಾಸ ಮಾಡುವುದು ಬೇಡವೇ ಬೇಡ.

ಹೆಚ್ಚಿನ ಗಾಯಕ್ಕೆ ಒತ್ತುವುದೇ ಸಾಕು. ಮಕ್ಕಳು ಸೋಲುವುದು ಎರಡು ಕಡೆ. ಒಂದು, ಗೆಳೆಯನಿಗೆ ನೋವಾದೀತು ಅಂತ ಮೆತ್ತಗೆ ಒತ್ತುತ್ತಾರೆ. ಇನ್ನೊಂದು, ನಿಂತಿತಾ ಅಂತ ಆಗಾಗ ಬಟ್ಟೆ ಎತ್ತಿ ನೋಡುತ್ತಾರೆ. ಕಟ್ಟಿಕೊಳ್ಳಲು ಶುರುವಾದ ಹೆಪ್ಪು ಅಷ್ಟರಲ್ಲೇ ಕಿತ್ತು ಬರುತ್ತದೆ. ಜೋಡಿಯ ಕೈಗೆ ಗಡಿಯಾರ ಕೊಟ್ಟು ಪೂರ್ತಿ 10 ನಿಮಿಷ ಒತ್ತಿಸಿ. ಗೆಳೆಯನ ಕೈಗಲ್ಲ, ನೀರಲ್ಲಿ ಅದ್ದಿದ ದಪ್ಪ ಸ್ಪಂಜಿಗೆ. ಒತ್ತಡ ಸಡಿಲವಾಯಿತು ಅಂದರೆ ಸ್ಪಂಜು ಉಬ್ಬುತ್ತದೆ, ತಾವೇ ನೋಡಬಹುದು. ಮೊಣಕೈ ನೇರ ಮಾಡಿ ಮೈಭಾರ ಬಿಟ್ಟರೆ ಕೈ ಸೋಲುವುದಿಲ್ಲ ಅಂತಲೂ ಅಲ್ಲೇ ಕಲಿಯುತ್ತಾರೆ.

ಪಿಟಿ ಮೇಷ್ಟ್ರು: ಬಟ್ಟೆ ಪೂರ್ತಿ ನೆನೆದರೆ ಅದರ ಮೇಲೇ ಇನ್ನೊಂದು ಇಡಬೇಕಾ, ತೆಗೆದು ಹೊಸದು ಇಡಬೇಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಆಂಬುಲೆನ್ಸ್‌ನಲ್ಲಿದ್ದವರು: ಮೇಲೇ ಇಡಬೇಕು. ತೆಗೆಯಲೇಬಾರದು.

ನರ್ಸ್: ನಾನು ಅಷ್ಟು ಖಡಾಖಂಡಿತ ಹೇಳುವುದಿಲ್ಲ. ಒಂದರ ಮೇಲೊಂದು ಬಟ್ಟೆ ಪೇರಿಸಿದರೆ ಒತ್ತಡ ಹರಡಿಹೋಗಿ ಗಾಯದ ಬಾಯಿಗೆ ತಲುಪುವುದಿಲ್ಲ. ಇನ್ನೊಂದು ಇಟ್ಟ ಮೇಲೂ ಅದೂ ನೆನೆದರೆ, ನೀವು ಸರಿಯಾದ ಜಾಗದಲ್ಲಿ ಒತ್ತುತ್ತಿಲ್ಲ ಅಂತಲೇ ಅರ್ಥ. ಆಗ ಎಲ್ಲ ತೆಗೆದು, ರಕ್ತ ಎಲ್ಲಿಂದ ಬರುತ್ತಿದೆ ನೋಡಿ, ಅಲ್ಲೇ ಒತ್ತಿ.

ಆಂಬುಲೆನ್ಸ್‌ನಲ್ಲಿದ್ದವರು: ನಮಗೆ ಕಲಿಸಿದ್ದು ಬೇರೆ ಥರ.

ಇಬ್ಬರು ಮಕ್ಕಳ ಅಮ್ಮ: ಸುಟ್ಟರೆ ಟೂತ್‌ಪೇಸ್ಟ್ ಹಚ್ಚಬೇಕು ಅಂತ ಮೆಸೇಜ್ ಬಂದಿದೆ. ಉರಿ ಕೂಡಲೇ ಕಡಿಮೆ ಆಗುತ್ತಂತೆ. ನಿಜವಾ ಸಿಸ್ಟರ್?

ನರ್ಸ್: ಬೇಡ. ಹರಿಯುವ ತಣ್ಣೀರು, 20 ನಿಮಿಷ. ಅದು ಗಾಯದ ಒಳಗಿನ ಬಿಸಿ ಇಳಿಸುತ್ತದೆ. ಪೇಸ್ಟ್ ಮೇಲೆ ಕೂತು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಆಮೇಲೆ ಅದನ್ನು ಉಜ್ಜಿ ತೆಗೆಯುವವರು ನಾವು, ನೋವು ತಿನ್ನುವುದು ಮಗು.

ಇನ್ನೊಬ್ಬ ಸದಸ್ಯ: ಐಸ್ ಇಡಬಹುದಲ್ವಾ?

ನರ್ಸ್: ಇಲ್ಲ. ಅದರಿಂದ ಚರ್ಮಕ್ಕೆ ಇನ್ನೊಂದು ಪೆಟ್ಟು.

ಇನ್ನೊಬ್ಬ ಸದಸ್ಯ: ಎಣ್ಣೆ?

ನರ್ಸ್: ಇಲ್ಲ. ಮೇಲೆ ಓದಿ.

ವಿಜ್ಞಾನ ಟೀಚರ್: ಸುಟ್ಟಗಾಯವನ್ನು ಜೋಡಿಯಲ್ಲಿ ಅಭ್ಯಾಸ ಮಾಡಿಸುವುದು ಹೇಗೆ ಸಿಸ್ಟರ್? ಪಟ್ಟಿ ಸುತ್ತುವುದು ಬಿಟ್ಟರೆ ಬೇರೇನೂ ಇಲ್ಲ ಅನಿಸುತ್ತದೆ.

ನರ್ಸ್: ನಲ್ಲಿಯ ಕೆಳಗೆ ಗೆಳೆಯನ ಕೈ ಹಿಡಿಸಿ. ಮೂರ್ನಾಲ್ಕು ನಿಮಿಷಕ್ಕೇ ಸಾಕು ಅನಿಸುತ್ತದೆ. 20 ನಿಮಿಷ ಎಷ್ಟು ಉದ್ದ ಅಂತ ಒಮ್ಮೆ ನಿಂತು ಅನುಭವಿಸಿದ ಮಗು ಮನೆಯಲ್ಲಿ ಯಾರಾದರೂ ಸುಟ್ಟುಕೊಂಡಾಗ ಅರ್ಧಕ್ಕೆ ಬಿಡುವುದಿಲ್ಲ. ಉಂಗುರ, ಬಳೆ, ಗಡಿಯಾರವನ್ನು ಮೊದಲೇ ತೆಗೆಸುವುದು ಸಹಾಯಕರ ಕೆಲಸ. ಕೈ ಊದಿಕೊಂಡ ಮೇಲೆ ಉಂಗುರ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಅಂಟಿಕೊಂಡ ಬಟ್ಟೆ ಕೀಳಬಾರದು. ಗುಳ್ಳೆ ಒಡೆಯಬಾರದು. ತಡವಾಯಿತು ಅಂತ ನೀರು ಬಿಡಬೇಡಿ, ಸುಟ್ಟ ಮೂರು ಗಂಟೆಯವರೆಗೂ ತಣ್ಣಗೆ ಮಾಡುವುದರಿಂದ ಲಾಭ ಇದೆ. ಪುಟ್ಟ ಮಕ್ಕಳಿಗೆ ಮಾತ್ರ ಉಳಿದ ಮೈ ಬೆಚ್ಚಗೆ ಹೊದಿಸಿ. ನಡುಕ ಬಂದರೆ ನೀರು ನಿಲ್ಲಿಸಿ.

ಮತ್ತೊಬ್ಬರು: ನನ್ನ ಗಂಡನಿಗೆ ಸಕ್ಕರೆ ಕಾಯಿಲೆ. ಆಗಾಗ ಬೆವರಿ ಕುಸಿಯುತ್ತಾರೆ. ಬಾಯಿಗೆ ಸಕ್ಕರೆ ನೀರು ಹಾಕುತ್ತೇನೆ. ನಿಮ್ಮ ಹುಡುಗಿಗೂ ಅದೇ ಇರಬಹುದು, ಸಕ್ಕರೆ ನೀರು ಹಾಕಿ ನೋಡಬೇಕಿತ್ತು.

ನರ್ಸ್: ಎಚ್ಚರ ಇದ್ದು ನುಂಗುವ ಹಾಗಿದ್ದರೆ ಸರಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಗಾಗ ಕುಸಿಯುತ್ತಾರೆ ಅಂದರೆ ಔಷಧಿಯ ಪ್ರಮಾಣ ಸರಿಯಿಲ್ಲದಿರಬಹುದು. ಈ ವಾರವೇ ಅವರ ಡಾಕ್ಟರಿಗೆ ಹೇಳಿ.

ಆಂಬುಲೆನ್ಸ್‌ನಲ್ಲಿದ್ದವರು: ಮೂರ್ಛೆ ಹೋದವರ ಕಾಲು ಎತ್ತುವುದೇ ಮುಖ್ಯ ಅಂತ ಹೇಳಿ ಸಿಸ್ಟರ್. ಮಕ್ಕಳಿಗೆ ಅದನ್ನು ಕಲಿಸಬೇಕು.

ನರ್ಸ್: ಮುಖ್ಯ ಅಲ್ಲ. ಮೊದಲು ಮಲಗಿಸಿ, ಉಸಿರಾಟ ನೋಡಿ. ಬಿದ್ದು ಪೆಟ್ಟಾಗಿಲ್ಲ ಅಂತ ಖಾತ್ರಿಯಾದರೆ ಕಾಲು ಎತ್ತಬಹುದು. ಅದರ ಲಾಭ ಸ್ವಲ್ಪ ಹೊತ್ತು ಮಾತ್ರ.

ಆಂಬುಲೆನ್ಸ್‌ನಲ್ಲಿದ್ದವರು: ಅದೆಲ್ಲ ಪುಸ್ತಕದ ಮಾತು. ನಾವು ದಾರಿಯಲ್ಲಿ ನೋಡಿದ್ದು ಬೇರೆ.

ಪಿಟಿ ಮೇಷ್ಟ್ರು: ನನ್ನ ಹಗ್ಗಕ್ಕೆ ಅಷ್ಟು ಹೇಳಿದಿರಿ, ಈಗ ನಿಮ್ಮ ಸರದಿ.

ಆಂಬುಲೆನ್ಸ್‌ನಲ್ಲಿದ್ದವರು: ಹಗ್ಗ ಕಟ್ಟಿ ಕೈ ಕಳೆದುಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದ್ದು. ನೀವು ನೋಡಿದ್ದೀರಾ?

ನರ್ಸ್: ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಮಲಗಿಸಿ ಒಂದು ನಿಮಿಷದಲ್ಲಿ ಎಚ್ಚರವಾಗದಿದ್ದರೆ ಅದು ಸಾಮಾನ್ಯ ಮೂರ್ಛೆ ಅಲ್ಲ, ಆಂಬುಲೆನ್ಸ್ ಕರೆಯಬೇಕು. ಉಸಿರು ಸರಿಯಾಗಿಲ್ಲ, ಗೊರಗೊರ ಅಂತ ಅಪರೂಪಕ್ಕೊಮ್ಮೆ ಎಳೆಯುತ್ತಿದ್ದಾರೆ ಅಂದರೆ ಎದೆ ಒತ್ತಲು ಶುರು ಮಾಡಬೇಕು. ಕಾಲು ಎತ್ತಿಕೊಂಡು ಕಾಯುವುದಲ್ಲ. ಮಕ್ಕಳಿಗೆ ಈ ವ್ಯತ್ಯಾಸ ಗೊತ್ತಿರಲಿ.

ಹೊಸ ಸದಸ್ಯೆ: ನನಗೆ ಬೆಳಿಗ್ಗೆ ಎದ್ದಾಗ ತಲೆ ಸುತ್ತುತ್ತದೆ. ಬಿಪಿ ಕಡಿಮೆ ಅಂತಾರೆ. ಯಾವ ಮಾತ್ರೆ ತೆಗೆದುಕೊಳ್ಳಲಿ?

ಇನ್ನೊಬ್ಬ ಸದಸ್ಯ: ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಬೇಕು ಅಂತ ಫಾರ್ವರ್ಡ್ ಬಂದಿದೆ, ಹಾಕಲಾ?

ನರ್ಸ್: ಹಾಕಬೇಡಿ. ಹಿಂದಕ್ಕೆ ಬಾಗಿದರೆ ರಕ್ತ ಗಂಟಲಿಗೆ ಇಳಿಯುತ್ತದೆ. ಮುಂದಕ್ಕೆ ಬಾಗಿ, ಮೂಗಿನ ಮೆತ್ತಗಿನ ಭಾಗ ಹಿಂಡಿ, 10 ನಿಮಿಷ. ದಯವಿಟ್ಟು ಇನ್ನು ಮುಂದೆ ಫಾರ್ವರ್ಡ್ ಹಾಕುವ ಮೊದಲು ಒಮ್ಮೆ ಯಾರನ್ನಾದರೂ ಕೇಳಿ.

ಇಬ್ಬರು ಮಕ್ಕಳ ಅಮ್ಮ: ಸಿಸ್ಟರ್, ಸುಟ್ಟಿದ್ದಕ್ಕೆ ಬಿಳಿ ಪೇಸ್ಟೇ ಬೇಕು, ಜೆಲ್ ಆಗಲ್ಲ ಅಂತ ಬರೆದಿದ್ದಾರೆ. ಅದಾದರೂ ಪರವಾಗಿಲ್ವಾ?

ನರ್ಸ್: ನೀರು. 20 ನಿಮಿಷ.

ವಿಜ್ಞಾನ ಟೀಚರ್: ಅಮ್ಮನನ್ನು ಕೇಳಿದೆ ಸಿಸ್ಟರ್. ಎದ್ದ ಕೂಡಲೇ ಹುಡುಗಿ "ಟೀಚರ್, ಬಿದ್ದೆನಾ?" ಅಂದಳು. ನನ್ನ ಗುರುತು ಸಿಕ್ಕಿತ್ತು. ಎದೆ ನೋವಿಲ್ಲ, ಓಡುವಾಗ ಬಿದ್ದಿಲ್ಲ. ಆದರೆ ಅಮ್ಮನ ತಮ್ಮ 20ರ ಹರೆಯದಲ್ಲಿ ಈಜುವಾಗ ತೀರಿಕೊಂಡರಂತೆ. ಚೆನ್ನಾಗಿ ಈಜು ಬರುತ್ತಿತ್ತು, ಯಾಕೆ ಮುಳುಗಿದರು ಅಂತ ಗೊತ್ತಾಗಲಿಲ್ಲವಂತೆ.

ನರ್ಸ್: ಟೀಚರ್, ಹಾಗಾದರೆ ತಡ ಮಾಡಬೇಡಿ. ಹುಡುಗಿಗೆ ಆಗಿದ್ದು ಸಾಮಾನ್ಯ ಮೂರ್ಛೆಯೇ ಇರಬಹುದು, ಗುರುತುಗಳೆಲ್ಲ ಅದನ್ನೇ ಹೇಳುತ್ತವೆ. ಆದರೆ ಚೆನ್ನಾಗಿ ಈಜುವವರು ಕಾರಣವಿಲ್ಲದೆ ಮುಳುಗಿದ್ದು ಅಂದರೆ, ಹೃದಯದ ವಿದ್ಯುತ್ ಲಯದ ತೊಂದರೆ ಇತ್ತಾ ಅಂತ ಅನುಮಾನ ಬರುತ್ತದೆ. ಅಂಥದ್ದು ಕೆಲವು ಕುಟುಂಬಗಳಲ್ಲಿ ಹರಿದು ಬರುತ್ತದೆ. ಅಂಥವರಿಗೆ ಈಜು, ಓಟ, ಇದ್ದಕ್ಕಿದ್ದಂತೆ ಬರುವ ಜೋರು ಸದ್ದು ಅಪಾಯ. ನಾಳೆಯೇ ಇಸಿಜಿ ಮಾಡಿಸಲು ಹೇಳಿ. ತಮ್ಮನ ವಿಷಯ ಡಾಕ್ಟರಿಗೆ ಮೊದಲೇ ಹೇಳಲಿ, ಬರೀ "ಮೂರ್ಛೆ ಹೋದಳು" ಅಂದರೆ ಸುಮ್ನೆ ಮನೆಗೆ ಕಳಿಸಿಬಿಡಬಹುದು. ಒಂದು ಇಸಿಜಿ ಸರಿ ಬಂತು ಅಂದರೂ ಹೃದಯ ತಜ್ಞರಿಗೆ ತೋರಿಸಲಿ. ಅಲ್ಲಿಯವರೆಗೆ ಆಟ, ಈಜು ಬೇಡ. ಅಮ್ಮನಿಗೂ ಮಾಡಿಸಿಕೊಳ್ಳಲು ಹೇಳಿ.

ವಿಜ್ಞಾನ ಟೀಚರ್: ಈಗಲೇ ಫೋನ್ ಮಾಡುತ್ತೇನೆ. ಪಾಠ ಮುಂದುವರಿಸಲಾ?

ನರ್ಸ್: ಮುಂದುವರಿಸಿ. ಎಲ್ಲರೂ ನೆಲದ ಮೇಲೆ ಕೂತು ಮಾಡಲಿ, ಕೆಂಪು ಬಣ್ಣ ಬಿಡಿ. ಯಾರಿಗಾದರೂ ಬೆವರು, ಮಬ್ಬು ಅನಿಸಿದರೆ ಕೂಡಲೇ ಮಲಗಲಿ. ಮಲಗಲು ಜಾಗ ಇಲ್ಲದಿದ್ದರೆ ಕಾಲು ಕತ್ತರಿ ಹಾಕಿ ತೊಡೆ ಬಿಗಿಯಬೇಕು, ಎರಡು ಕೈಯ ಬೆರಳು ಕೊಂಡಿ ಹಾಕಿ ಎದುರುಬದುರು ಎಳೆಯಬೇಕು. ರಕ್ತ ಮೇಲಕ್ಕೆ ಏರುತ್ತದೆ. ಆ ಹುಡುಗಿಯ ಜೊತೆಯವಳಿಗೆ ಬೀಳುವವರನ್ನು ನೆಲಕ್ಕೆ ಇಳಿಸುವುದನ್ನು ಮಾಡಿಸಿ. ಹಿಂದೆ ನಿಂತು ಕಂಕುಳ ಕೆಳಗೆ ಕೈ ಹಾಕಿ, ಒಂದು ಕಾಲು ಹಿಂದಿಟ್ಟು, ಬೀಳುವವರು ತನ್ನ ತೊಡೆಯ ಮೇಲೆ ಜಾರಿಕೊಂಡು ಇಳಿಯುವ ಹಾಗೆ.

ಹೊಸ ಸದಸ್ಯೆ: ನನ್ನ ಬಿಪಿ ಪ್ರಶ್ನೆ ಯಾರೂ ನೋಡಿಲ್ಲ.

ಪಿಟಿ ಮೇಷ್ಟ್ರು: ಸಿಸ್ಟರ್, ಆ ಅಗಲದ ಪಟ್ಟಿ ಸ್ಕೂಲಿನಲ್ಲಿ ಒಂದು ಇಟ್ಟಿರಬಹುದಾ?