ಇರಿಡಿಯಂ ಪ್ಲಗ್ ಫೋಟೋ: ಅಸಲಿಯೋ ನಕಲಿಯೋ?

ಸುಳ್ಯ_ಸವಾರ: ಆನ್‌ಲೈನಲ್ಲಿ ಎನ್‌ಜಿಕೆ ಇರಿಡಿಯಂ ಪ್ಲಗ್ `CPR8EAIX-9` ಎರಡು ತರಿಸಿದೀನಿ. ಬಾಕ್ಸ್ ಪ್ರಿಂಟ್ ನೀಟಾಗಿದೆ, ಎರಡರ ಮೇಲೂ ಕೋಡ್ ಇದೆ. ಆರು ಫೋಟೋ ಹಾಕಿದೀನಿ. ಅಸಲಿನಾ?

ಕ್ಲಚ್‌ಕೇಬಲ್: ನಕಲಿ ಗುರು. ಎರಡು ಪ್ಲಗ್‌ಗೂ ಒಂದೇ ಕೋಡ್ ಹೊಡೆದಿದಾರೆ, ಅಷ್ಟೇ ಸಾಕು. ಬಾಕ್ಸ್ ಬಣ್ಣಾನೂ ಸ್ವಲ್ಪ ಪೇಲವ.

ಬೋರ್_ಸ್ಟ್ರೋಕ್: ಕೋಡ್ ಒಂದೇ ಇರೋದು ಸಾಕ್ಷಿ ಅಲ್ಲ ಸರ್. ಅದು ಲಾಟ್ ಗುರುತು. ಒಂದೇ ಸಲ ತಯಾರಾದ ಪ್ಲಗ್‌ಗಳಿಗೆಲ್ಲ ಅದೇ ಬರುತ್ತೆ. ಬಾಕ್ಸ್ ಬಣ್ಣವನ್ನಂತೂ ಮೊಬೈಲ್ ಫೋಟೋದಲ್ಲಿ ತೀರ್ಮಾನ ಮಾಡಬೇಡಿ, ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಒಂದು, ಬಿಸಿಲಲ್ಲಿ ಇನ್ನೊಂದು. ಡಬ್ಬಿ ಸ್ಕ್ಯಾನ್ ಮಾಡಿ ಮತ್ತೆ ಛಾಪಿಸೋದು ಯಾರಿಗೂ ಕಷ್ಟವಲ್ಲ. ಲೋಗೋ ಮೇಲೆ ಭೂತಗನ್ನಡಿ ಹಿಡಿದರೆ ಅಂಥ ನಕಲಲ್ಲಿ ಅಕ್ಷರದ ಅಂಚು ಚುಕ್ಕಿ ಚುಕ್ಕಿಯಾಗಿ ಒಡೆದಿರುತ್ತೆ. ಆದರೂ ಅದು ಎರಡನೇ ಮಾತು. ಮೊದಲು ಎಲೆಕ್ಟ್ರೋಡ್ ನೋಡಿ.

ಮೂರನೇ ಫೋಟೋ ಝೂಮ್ ಮಾಡಿ. ಈ ಪ್ಲಗ್‌ನಲ್ಲಿ ಮಧ್ಯದ ತುದಿ ಸುಮಾರು 0.6 ಮಿ.ಮೀ. ದಪ್ಪದ ಇರಿಡಿಯಂ ಕಡ್ಡಿ. ಅದನ್ನ ನಿಕಲ್ ಬುಡಕ್ಕೆ ಲೇಸರ್‌ನಲ್ಲಿ ಬೆಸೆದಿರ್ತಾರೆ. ಬೆಸುಗೆ ಜಾಗದಲ್ಲಿ ಸುತ್ತಲೂ ಸಣ್ಣ ಉಂಗುರದ ಹಾಗೆ ಏರುಪೇರು ಕಾಣಬೇಕು. ನಿಮ್ಮ ಫೋಟೋದಲ್ಲಿ ಆ ಉಂಗುರವೇ ಇಲ್ಲ, ಬುಡದಿಂದ ತುದಿಯವರೆಗೂ ಲೇತ್ ಗೆರೆ ಒಂದೇ ಸಮ ಹೋಗಿದೆ. ಅಂದರೆ ನಿಕಲ್ಲನ್ನೇ ತೆಳ್ಳಗೆ ಸವರಿ ಇರಿಡಿಯಂ ಥರ ಮಾಡಿದಾರೆ. ಮೇಲಿನ ಎಲೆಕ್ಟ್ರೋಡ್‌ನ ತುದಿ ಇಳಿಜಾರಾಗಿ ಕಿರಿದಾಗಬೇಕಿತ್ತು, ಇಲ್ಲಿ ಚೌಕವಾಗಿ ಕತ್ತರಿಸಿ ಬಿಟ್ಟಿದಾರೆ. ಅದೂ ಕಡ್ಡಿಯ ನೇರಕ್ಕಿಲ್ಲ, ಎಡಕ್ಕೆ ವಾಲಿದೆ.

ಇದು ನೋಟದ ವಿಷಯ ಮಾತ್ರ ಅಲ್ಲ. ನಿಕಲ್ 1455 ಡಿಗ್ರಿಗೇ ಕರಗುತ್ತೆ, ಇರಿಡಿಯಂ 2400 ದಾಟಬೇಕು. ಇಷ್ಟು ತೆಳ್ಳಗಿನ ನಿಕಲ್ ತುದಿ ಬೇಗ ಸವೆದು ಗುಂಡಗಾಗುತ್ತೆ, ಗ್ಯಾಪ್ 0.9 ರಿಂದ ಹಿಗ್ಗುತ್ತೆ, ಆಮೇಲೆ ಲೋಡ್‌ನಲ್ಲಿ ಮಿಸ್‌ಫೈರ್ ಶುರು.

ಮಳೆನಾಡು_ಟೂರರ್: ನನ್ನ ಪ್ಲಗ್ ತುದಿನೂ ಕಪ್ಪಾಗಿದೆ, ಹಾಗಾದ್ರೆ ಅದೂ ನಕಲಿನಾ?

ಬೋರ್_ಸ್ಟ್ರೋಕ್: ಇಲ್ಲ, ಅದು ಬೇರೆ ಪ್ರಶ್ನೆ. ಒಣ ಮಸಿ ಆದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ, ಜಿಡ್ಡು ಜಿಡ್ಡಾಗಿದ್ದರೆ ಆಯಿಲ್ ಸುಡ್ತಿದೆ. ಅಸಲಿ ಪ್ಲಗ್‌ಗೂ ಹಾಗಾಗುತ್ತೆ.

ಸುಳ್ಯದವರೇ, ಇನ್ನೆರಡು ಪರೀಕ್ಷೆ ಮಾಡಿ. ತ್ರೆಡ್ ಮೇಲಿನ ವಾಷರ್ ಕೈಯಲ್ಲೇ ತಿರುಗಿಸಿ ತೆಗೆಯೋಕೆ ನೋಡಿ. ಅಸಲಿಯಲ್ಲಿ ಸುಲಭಕ್ಕೆ ಬರಲ್ಲ, ನಕಲಿಯಲ್ಲಿ ಸಲೀಸಾಗಿ ಜಾರಿ ಬರುತ್ತೆ. ಆಮೇಲೆ ಮೀಟರ್ 20k ಗೆ ಇಟ್ಟು ಮೇಲಿನ ಟರ್ಮಿನಲ್‌ನಿಂದ ಮಧ್ಯದ ತುದಿಗೆ ಅಳೆಯಿರಿ. ಕೋಡಲ್ಲಿರೋ `R` ಅಂದ್ರೆ ಒಳಗೆ ರೆಸಿಸ್ಟರ್ ಇದೆ, ಸುಮಾರು 5 ಕಿಲೋ ಓಮ್ ಬರಬೇಕು. ಪ್ರೋಬ್ ಮೆಲ್ಲಗೆ ತಾಗಿಸಿ, ಆ ಕಡ್ಡಿ ಅಸಲಿಯಾಗಿದ್ದರೆ ಒತ್ತಿದರೆ ಮುರಿಯುತ್ತೆ.

ಸುಳ್ಯ_ಸವಾರ: ಒಂದರ ವಾಷರ್ ಬೆರಳಲ್ಲೇ ಬಂತು, ಮೀಟರ್ 0.00. ಇನ್ನೊಂದು 4.8, ವಾಷರ್ ಬರಲಿಲ್ಲ!

ಕ್ಲಚ್‌ಕೇಬಲ್: ಹಾಗಾದ್ರೆ ಎರಡನೇದು ಅಸಲಿ. ಹಾಕ್ಕೊಳ್ಳಿ.

ಬೋರ್_ಸ್ಟ್ರೋಕ್: ಆತುರ ಬೇಡ. ಮೊದಲನೇದು ನಕಲಿ ಅನ್ನೋದರಲ್ಲಿ ನನಗೆ ಅನುಮಾನ ಉಳಿದಿಲ್ಲ. ಎರಡನೇದಕ್ಕೆ ಮೀಟರ್ ಸರಿ ತೋರಿಸಿದ ಮಾತ್ರಕ್ಕೆ ಒಪ್ಪೋಕಾಗಲ್ಲ, ರೆಸಿಸ್ಟರ್ ಅಗ್ಗದ ಸಾಮಾನು, ನಕಲಿ ಮಾಡುವವರೂ ಹಾಕಬಹುದು. ಅದರ ತುದಿಯ ಫೋಟೋ ಮಸುಕಾಗಿದೆ.

ಜೆಸಿರೋಡ್_ಜಗ್ಗ: ಡಬ್ಬಿ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಸ್ಟಿಕ್ಕರ್ ಇದೆಯಾ? ಆಮದು ಮಾಲಿಗೆ ಇಲ್ಲಿ ಅದು ಕಡ್ಡಾಯ. ಇನ್ನೊಂದು ಕೇಳ್ಬೇಕಿತ್ತು, 520 ಚೈನ್ ತಂದಿದೀನಿ, ಪ್ಲೇಟ್ ಮೇಲೆ ಬ್ರ್ಯಾಂಡ್ ಹೆಸರು ಲೇಸರ್‌ನಲ್ಲಿ ತೆಳ್ಳಗೆ ಬರೆದಂಗಿದೆ, ಒತ್ತಿ ಅಚ್ಚು ಹಾಕಿಲ್ಲ.

ಬೋರ್_ಸ್ಟ್ರೋಕ್: ಅದೊಂದರಿಂದಲೇ ಚೈನ್ ನಕಲಿ ಅನ್ನಲಾರೆ. ಚೈನನ್ನ ಬಿಗಿಯಾಗಿ ಎಳೆದು, ಒಂದು ಪಿನ್ನಿನ ಮಧ್ಯದಿಂದ ಇಪ್ಪತ್ತು ಪಿಚ್ ದಾಟಿ ಇಪ್ಪತ್ತೊಂದನೇ ಪಿನ್ನಿನ ಮಧ್ಯಕ್ಕೆ ಅಳೆಯಿರಿ. 520 ಕ್ಕೆ ಪಿಚ್ 15.875, ಅಂದ್ರೆ 317.5 ಮಿ.ಮೀ. ಬರಬೇಕು. ಹೊಸದೇ 320 ತೋರಿಸಿದರೆ ಹಾಕಬೇಡಿ. ಓ-ರಿಂಗ್ ಇದ್ದರೆ ಪ್ರತಿ ಪ್ಲೇಟಿನ ನಡುವೆ ಒಂದೇ ಸಮ ಒತ್ತಿ ಕೂತಿದೆಯಾ ನೋಡಿ. ಬೆರಳಲ್ಲಿ ಸಡಿಲವಾಗಿ ತಿರುಗೋ ರಿಂಗ್ ಒಳಗಿನ ಗ್ರೀಸನ್ನ ತಡೆಯಲ್ಲ.

ಸುಳ್ಯ_ಸವಾರ: ಸ್ಟಿಕ್ಕರ್ ಇಲ್ಲ ಜಗ್ಗಣ್ಣ. ಎರಡನೇ ಪ್ಲಗ್ ತುದಿಗೆ ನಾಳೆ ಬಿಸಿಲಲ್ಲಿ ಭೂತಗನ್ನಡಿ ಹಿಡಿದು ಫೋಟೋ ತೆಗೆದು ಹಾಕ್ತೀನಿ.

ಬೋರ್_ಸ್ಟ್ರೋಕ್: ಒಂದಲ್ಲ, ಪ್ಲಗ್ ತಿರುಗಿಸಿ ನಾಲ್ಕು ಕಡೆಯಿಂದ ತೆಗೀರಿ. ಬೆಸುಗೆ ಉಂಗುರ ಒಂದು ಕೋನದಿಂದ ಮರೆಯಾಗುತ್ತೆ.