ಸಿಮ್ ಮಾಡಿದ್ರೆ ಠಪ್ ಅಂತ ಬೆಂಕಿ ಒಳಗೆ ಹೋಗುತ್ತೆ

ಪ್ರಶ್ನೆ (ಮೆಸ್ ನಡೆಸುವವರು, ಚಿಕ್ಕಮಗಳೂರು): ಅಣ್ಣ, ನಮ್ಮ ದೊಡ್ಡ ಒಲೆಯಲ್ಲಿ ಬೆಳಿಗ್ಗೆ ಐದರಿಂದ ಇಡ್ಲಿ ಬೇಯುತ್ತೆ, ಆಗ ಏನೂ ತೊಂದರೆ ಇಲ್ಲ. ಏಳೂವರೆಗೆ ಅದೇ ಒಲೆ ಮೇಲೆ ಸಾಂಬಾರ್ ಇಟ್ಟು ಸಿಮ್ ಮಾಡಿದ್ರೆ ಠಪ್ ಅಂತ ಸದ್ದಾಗಿ ಮೇಲಿನ ಬೆಂಕಿ ಮಾಯ. ಆದರೆ ಒಳಗಿಂದ ಗುಯ್ ಅಂತ ಶಬ್ದ ಬರ್ತಾ ಇರುತ್ತೆ, ವಾಲ್ವ್ ಹತ್ರ ಕೊಳವೆ ಮುಟ್ಟಕ್ಕಾಗಲ್ಲ. ಹೋದ ತಿಂಗಳು ಬರ್ನರ್ ಕ್ಯಾಪ್ ಬದಲಾಯಿಸಿದ್ವಿ. ಸಿಲಿಂಡರ್ ಏನಾದ್ರೂ ಆಗುತ್ತಾ?

ಒಲೆ ರಿಪೇರಿ, ಹಾಸನ: ಅಕ್ಕ, ಮೊದಲು ಒಂದು ಮಾತು. ಗುಯ್ ಅಂದ ಕೂಡಲೇ ವಾಲ್ವ್ ಪೂರ್ತಿ ಮುಚ್ಚಿ, ಮತ್ತೆ ಜೋರು ಮಾಡಿ ನೋಡೋಕೆ ಹೋಗಬೇಡಿ. ಬೆಂಕಿ ಆರಿಲ್ಲ, ಕೊಳವೆಯೊಳಗೆ ಗ್ಯಾಸ್ ಚಿಮ್ಮೋ ಸಣ್ಣ ತೂತಿನ ತಿರುಪು, ಅಂದ್ರೆ ಜೆಟ್, ಅದರ ಬಾಯಲ್ಲೇ ಕೂತು ಉರೀತಿದೆ. ಕೊಳವೆ ತಣ್ಣಗಾಗೋವರೆಗೆ ಮತ್ತೆ ಹಚ್ಚಬೇಡಿ.

ಸಿಲಿಂಡರ್ ಒಳಗೆ ಬೆಂಕಿ ಹೋಗಲ್ಲ. ಜೆಟ್ ಆಚೆ ಇರೋದು ಬರೀ ಗ್ಯಾಸ್, ಗಾಳಿ ಇಲ್ಲ. ನಮ್ಮ ಅಡುಗೆ ಗ್ಯಾಸು ಗಾಳಿ ಜೊತೆ ಸುಮಾರು 2ರಿಂದ 9.5 ಪರ್ಸೆಂಟ್ ಬೆರೆತಾಗ ಮಾತ್ರ ಹೊತ್ತಿಕೊಳ್ಳುತ್ತೆ. ಹಾಗಂತ ಸುಮ್ಮನಿರೋ ಹಾಗಿಲ್ಲ. ವಾಲ್ವಿನ ಗ್ರೀಸ್ ಒಣಗುತ್ತೆ, ರಬ್ಬರ್ ಪೈಪ್ ಮೆತ್ತಗಾಗುತ್ತೆ, ಅಲ್ಲಿಂದ ಲೀಕ್ ಶುರುವಾಗುತ್ತೆ. ನಿಜವಾದ ಅಪಾಯ ಅದು.

ಹಳೇ ಕ್ಯಾಪ್ ಎಸೆದಿಲ್ಲ ತಾನೇ?

ಕ್ಯಾಟರಿಂಗ್, ಅರಸೀಕೆರೆ: ಗಾಳಿ ಜಾಸ್ತಿ ಆಗಿದೆ ಅಷ್ಟೇ. ಕೆಳಗಿನ ಗಾಳಿ ಕಿಂಡಿ ಮುಚ್ಚಿಬಿಡಿ, ಸರಿ ಹೋಗುತ್ತೆ. ನಮ್ಮಲ್ಲಿ ಹಾಗೇ ಮಾಡಿದ್ದು.

ಮೆಸ್: ಹಳೇದು ಇದೆ ಅಣ್ಣ, ಅಟ್ಟದ ಮೇಲೆ.

ಒಲೆ ರಿಪೇರಿ, ಹಾಸನ: ಒಳ್ಳೇದಾಯ್ತು. ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ಸಣ್ಣ ಡ್ರಿಲ್ ಬಿಟ್‌ಗಳನ್ನ ತಂದು ಎರಡೂ ಕ್ಯಾಪಿನ ತೂತಿಗೆ ತೂರಿಸಿ ನೋಡಿ. ಯಾವ ಅಳತೆಯದು ಸರಿಯಾಗಿ ಕೂರುತ್ತೆ ಹೇಳಿ. ತೂತು ಎಷ್ಟಿವೆ ಅಂತಲೂ ಎಣಿಸಿ.

ಅರಸೀಕೆರೆಯವರು ಹೇಳಿದ್ದು ಅರ್ಧ ಸರಿ. ಗಾಳಿ ಕಡಿಮೆ ಮಾಡಿದ್ರೆ ಬೆಂಕಿ ಓಡೋ ವೇಗ ಇಳಿಯುತ್ತೆ, ಒಳಗೆ ನುಗ್ಗೋದು ತಪ್ಪಬಹುದು. ಆದರೆ ಪೂರ್ತಿ ಮುಚ್ಚಿದ್ರೆ ಹಳದಿ ಬೆಂಕಿ, ಪಾತ್ರೆ ತಳಕ್ಕೆ ಮಸಿ, ಮುಚ್ಚಿದ ಅಡುಗೆಮನೆಯಲ್ಲಿ ವಿಷದ ಹೊಗೆ. ಹಳದಿ ತುದಿ ಕಾಣೋವರೆಗೆ ಮುಚ್ಚಿ, ಅದು ಮಾಯವಾಗೋಷ್ಟು ಮಾತ್ರ ವಾಪಸ್ ತೆಗೀರಿ. ಅದಕ್ಕಿಂತ ಹೆಚ್ಚು ಮುಚ್ಚಬೇಡಿ.

ಮೆಸ್: ಮಗ ನೋಡಿದ. ಹಳೇದ್ರಲ್ಲಿ 2 ಮಿ.ಮೀ. ಬಿಟ್ ಬಿಗಿಯಾಗಿ ಹೋಯ್ತು. ಹೊಸದ್ರಲ್ಲಿ 2.8 ಸಲೀಸಾಗಿ ಹೋಗುತ್ತೆ. ತೂತಿನ ಲೆಕ್ಕ ಎರಡಕ್ಕೂ ಒಂದೇ.

ಒಲೆ ರಿಪೇರಿ, ಹಾಸನ: ಕಳ್ಳ ಸಿಕ್ಕಿದ. ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತಲ್ಲಿ ಓದಿ.

ಗ್ಯಾಸು-ಗಾಳಿ ಬೆರಕೆ ತೂತಿಂದ ಹೊರಗೆ ಬರ್ತಿರುತ್ತೆ. ಬೆಂಕಿ ಅದಕ್ಕೆ ಎದುರಾಗಿ ಒಳಕ್ಕೆ ಹೋಗೋಕೆ ನೋಡ್ತಿರುತ್ತೆ, ಹೇಮಾವತೀಲಿ ಮೀನು ನೀರಿಗೆ ಎದುರು ಈಜೋ ಹಾಗೆ. ಅಡುಗೆ ಗ್ಯಾಸಿನ ಬೆಂಕಿ ಈಜೋ ವೇಗ ಹೆಚ್ಚೆಂದರೆ ಸೆಕೆಂಡಿಗೆ 40-45 ಸೆಂ.ಮೀ. ನೀರು ಜೋರಿದ್ರೆ ಮೀನು ತೂತಿನ ಬಾಯಲ್ಲೇ ನಿಲ್ಲುತ್ತೆ. ತೀರಾ ಜೋರಾದ್ರೆ ಕೊಚ್ಚಿಕೊಂಡು ಹೋಗುತ್ತೆ, ಬೆಂಕಿ ತೂತು ಬಿಟ್ಟು ಮೇಲೆ ಹಾರುತ್ತೆ. ನೀರು ನಿಧಾನವಾದ್ರೆ ಒಳಗೆ ನುಗ್ಗುತ್ತೆ, ನಿಮ್ಮಲ್ಲಿ ಆಗಿದ್ದು ಇದು.

ಈಗ ಲೆಕ್ಕ. 2 ಮಿ.ಮೀ. ತೂತು 2.8 ಆದ್ರೆ ಅದರ ಬಾಯಿಯ ವಿಸ್ತೀರ್ಣ ಹೆಚ್ಚೂಕಮ್ಮಿ ಎರಡರಷ್ಟಾಗುತ್ತೆ. ಜೆಟ್ ಅದೇ, ಗ್ಯಾಸು ಅಷ್ಟೇ, ಹಾಗಾಗಿ ತೂತಿಂದ ಬರೋ ವೇಗ ಅರ್ಧಕ್ಕೆ ಇಳೀತು. ಸಿಮ್ಮಲ್ಲಿ ಗ್ಯಾಸನ್ನ ಕಾಲು ಭಾಗಕ್ಕೆ ಇಳಿಸ್ತೀರಿ ಅಂದ್ಕೊಳ್ಳಿ, ಆಗ ವೇಗ ಹಳೇ ಕ್ಯಾಪಿನ ಜೋರು ಬೆಂಕಿಯ ಎಂಟನೇ ಒಂದು ಭಾಗ. ಮೇಲಾಗಿ ತೂತು ಕಿರಿದಿದ್ರೆ ಅದರ ಗೋಡೆ ಬಿಸಿ ಹೀರಿಕೊಂಡು ಬೆಂಕಿಯನ್ನ ಒಳಗೆ ಬಿಡಲ್ಲ. ಅಡುಗೆ ಗ್ಯಾಸಿಗೆ ಆ ಮಿತಿ 2 ಮಿ.ಮೀ. ಆಸುಪಾಸು. 2.8 ಆದ್ರೆ ಬಾಗಿಲು ತೆಗೆದಿಟ್ಟ ಹಾಗೆ.

ಐದಕ್ಕೆ ಸರಿ ಇದ್ದು ಏಳೂವರೆಗೆ ಯಾಕೆ ಕೆಡುತ್ತೆ ಅಂದ್ರೆ, ಎರಡೂವರೆ ಗಂಟೆ ಉರಿದು ಬರ್ನರ್ ಕಾದಿರುತ್ತೆ. ಒಳಗಿನ ಬೆರಕೆ 200 ಡಿಗ್ರಿಗೆ ಕಾದ್ರೆ ಬೆಂಕಿಯ ವೇಗ ಎರಡು ಪಟ್ಟಿಗೂ ಮೇಲಾಗುತ್ತೆ, ಗೋಡೆಗೆ ಬಿಸಿ ಹೀರೋ ಶಕ್ತಿನೂ ಕಡಿಮೆ. ಮೀನಿಗೆ ಬಲ ಬಂತು, ಹೊಳೆ ಸೊರಗಿತು.

ಹಳೇ ಕ್ಯಾಪನ್ನೇ ಹಾಕಿ. ಕೂರಿಸೋ ಜಾಗದ ಮಸಿ ಕೆರೆದು, ಅಲುಗಾಡದ ಹಾಗೆ ಕೂರುತ್ತಾ ನೋಡಿ. ಅಂಚಲ್ಲಿ ಸಂದಿ ಬಿಟ್ರೆ ತೂತು ಸರಿಯಿದ್ರೂ ಬೆಂಕಿ ಆ ಸಂದೀಲೇ ಇಳಿಯುತ್ತೆ.

ತೋಟದವರು, ಮೂಡಿಗೆರೆ: ನಮ್ಮ ಕಥೆ ಉಲ್ಟಾ. ಗೋಬರ್ ಗ್ಯಾಸಿಗೆ ಹಳೇ ಸಿಲಿಂಡರ್ ಒಲೆ ಜೋಡಿಸಿದೀವಿ, ಜೆಟ್ ಕೊರೆದು ದೊಡ್ಡದೂ ಮಾಡಿಸಿದೀವಿ. ಬೆಂಕಿ ತೂತಿಗೆ ಅಂಟಲ್ಲ, ಮೇಲೆ ಕುಣಿದು ಆರುತ್ತೆ. ಅವರ ದೊಡ್ಡ ತೂತಿನ ಕ್ಯಾಪ್ ನಮಗೆ ಕೊಡ್ತಾರಾ?

ಒಲೆ ರಿಪೇರಿ, ಹಾಸನ: ತಮಾಷೆಗೆ ಕೇಳಿದ್ರೋ ಏನೋ, ಯೋಚನೆ ಮಾತ್ರ ಸರಿಯಾಗಿದೆ ಗೌಡ್ರೇ. ಗೋಬರ್ ಗ್ಯಾಸಲ್ಲಿ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಉರಿಯದ ಇಂಗಾಲದ ಡೈಆಕ್ಸೈಡ್ ಇರುತ್ತೆ, ಬೆಂಕಿಯ ವೇಗ ಸುಮಾರು 25 ಸೆಂ.ಮೀ.ಗೆ ಇಳಿಯುತ್ತೆ. ಮೀನು ಬಡಕಲು. ಅದಕ್ಕೆ ಬೇಕಾದ ಗಾಳಿಯೂ ಕಡಿಮೆ: ಒಂದು ಪಾಲು ಗ್ಯಾಸಿಗೆ ಆರು ಪಾಲಿನ ಆಸುಪಾಸು, ಸಿಲಿಂಡರ್ ಗ್ಯಾಸಿಗೆ 25-30 ಪಾಲು. ಹಾಗಾಗಿ ಗಾಳಿ ಕಿಂಡಿ ಮುಕ್ಕಾಲು ಮುಚ್ಚಿ, ಪಾತ್ರೆ ಇಟ್ಟೇ ನೋಡಿ. ಆಗಲೂ ಹಾರಿದ್ರೆ ಒಟ್ಟು ತೂತಿನ ವಿಸ್ತೀರ್ಣ ಹೆಚ್ಚಿರೋ ಗೋಬರ್ ಗ್ಯಾಸ್ ಬರ್ನರೇ ಬೇಕು. ಜೆಟ್ ಇನ್ನೂ ಕೊರೆಸಬೇಡಿ.

ತೋಟದವರು, ಮೂಡಿಗೆರೆ: ಹತ್ತು ನಿಮಿಷ ಹೇಗೋ ಉರಿಸಿದ್ರೆ ಆಮೇಲೆ ನಿಲ್ಲುತ್ತೆ, ಅದು ಹೇಗೆ?

ಒಲೆ ರಿಪೇರಿ, ಹಾಸನ: ಬರ್ನರ್ ಕಾಯ್ತಲ್ಲ! ಅಕ್ಕನ ಒಲೆ ಕೆಡಿಸಿದ ಬಿಸಿನೇ ನಿಮ್ಮ ಒಲೆಯ ಬೆಂಕೀನ ತೂತಿಗೆ ಕೂರಿಸ್ತು.

ಮೆಸ್ (ನಾಲ್ಕು ದಿನ ಬಿಟ್ಟು): ಅಣ್ಣ, ಹಳೇ ಕ್ಯಾಪ್ ಹಾಕಿದ ಮೇಲೆ ಬೆಳಿಗ್ಗೆ ಒಂದು ದಿನವೂ ಒಳಗೆ ಹೋಗಿಲ್ಲ. ಆದರೆ ನಿಧಾನವಾಗಿ ಆರಿಸಿದ್ರೆ ಕೊನೇಲಿ ಸಣ್ಣ ಠಪ್ ಬರುತ್ತೆ. ನಿನ್ನೆ ರಾತ್ರಿ ಚಪಾತಿ ಮಾಡೋವಾಗ ಒಮ್ಮೆ ಒಳಗೂ ಹೋಯ್ತು.

ಒಲೆ ರಿಪೇರಿ, ಹಾಸನ: ಆರಿಸೋವಾಗಿನ ಸಣ್ಣ ಠಪ್‌ಗೆ ಹೆದರಬೇಡಿ. ಗ್ಯಾಸ್ ನಿಂತಾಗ ಕೊಳವೇಲಿ ಉಳಿದ ಬೆರಕೆ ಉರಿಯುತ್ತೆ. ಹಿಡಿದು ಹಿಡಿದು ಮುಚ್ಚದೆ ಒಂದೇ ಸಲಕ್ಕೆ ಮುಚ್ಚಿ. ರಾತ್ರಿದು ಬೇರೆ ಅನ್ಸುತ್ತೆ. ಸಿಲಿಂಡರ್ ಕೊನೇ ಹಂತದಲ್ಲಿತ್ತಾ? ತಳದಲ್ಲಿ ಬೆವರು, ಹಿಮ?

ಮೆಸ್: ಅರ್ಧ ತಳ ಬೆಳ್ಳಗಿತ್ತು. ಮಗ ಬಿಸಿನೀರು ಹಾಕೋಣ ಅಂದ, ನಾನು ಬೈದೆ.

ಒಲೆ ರಿಪೇರಿ, ಹಾಸನ: ಬೈದದ್ದು ಸರಿ. ಸಿಲಿಂಡರ್ ಬಿಸಿ ಮಾಡಲೇಬಾರದು. ಒಂದೇ ಸಿಲಿಂಡರಿಂದ ಗಂಟೆಗಟ್ಟಲೆ ಜೋರಾಗಿ ಎಳೆದ್ರೆ ಅದು ತಣ್ಣಗಾಗಿ ಒತ್ತಡ ಇಳಿಯುತ್ತೆ, ಚಳಿ ರಾತ್ರೀಲಿ ಇನ್ನೂ ಬೇಗ. ಒತ್ತಡ ಇಳಿದ್ರೆ ಹೊಳೆ ಸೊರಗುತ್ತೆ. ಎರಡು ಸಿಲಿಂಡರ್ ಜೋಡಿಸೋ ಕೆಲಸ ಏಜೆನ್ಸಿಯವರ ಕೈಲೇ ಮಾಡಿಸಿ. ಜೆಟ್ಟಲ್ಲಿ ಕಸ ಕೂತಿದ್ರೂ ಹೀಗೇ ಆಗುತ್ತೆ, ಯಾವುದು ಅಂತ ಇಲ್ಲಿಂದ ಹೇಳೋಕಾಗಲ್ಲ. ತುಂಬಿದ ಸಿಲಿಂಡರಲ್ಲೂ ಮರುಕಳಿಸಿದ್ರೆ ಜೆಟ್ ಬಿಚ್ಚಿಸಿ, ಸೂಜಿ ಹಾಕಿ ಕೆದಕಬೇಡಿ, ತೂತು ಅಗಲ ಆಗುತ್ತೆ.

ಮೆಸ್: ಇವತ್ತು ಹೊಸ ಸಿಲಿಂಡರ್ ಬಂತು. ಶನಿವಾರದ ಚಪಾತಿ ಆದ್ಮೇಲೆ ಬರೀತೀನಿ. ಗೌಡ್ರೇ, ಆ ದೊಡ್ಡ ತೂತಿನ ಕ್ಯಾಪ್ ಬೇಕಾದ್ರೆ ತಗೊಂಡು ಹೋಗಿ, ನಿಮ್ಮ ಒಲೆಗೆ ಕೂರುತ್ತೋ ಇಲ್ವೋ ಗೊತ್ತಿಲ್ಲ.